ಮುಚ್ಚಿದ ಡಬ್ಬಿ



ಇವತ್ತು ರೋಸ್ಟರ್ ಬಗ್ಗೆ, ಬ್ಯಾಕ್‌ಲಾಗ್ ಹುದ್ದೆ ಬಗ್ಗೆ ಬರೀತಿಲ್ಲ. ನಮ್ಮ ಮನೆ ಹುಡುಗನೊಬ್ಬನ ಊಟದ ಡಬ್ಬಿ ಬಗ್ಗೆ ಬರೀತಿದ್ದೀನಿ. ಅವನನ್ನ ಕೇಳಿಯೇ ಬರೀತಿರೋದು. ಹೆಸರು ಹಾಕಬೇಡ ಅಂದಿದ್ದಾನೆ, ಹಾಕಿಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಅವನು ನಮ್ಮಕ್ಕನ ಮಗ. 25 ವರ್ಷ, ಬಿಕಾಂ. ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಮನೆ. ದಿನಾ ಮಾರ್ಕೆಟ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ, ಸಂಪಿಗೆ ರೋಡಲ್ಲಿ ಇಳಿದು, ಮಲ್ಲೇಶ್ವರದ ಒಂದು ಖಾಸಗಿ ಆಫೀಸಿಗೆ ಅಕೌಂಟ್ಸ್ ಕೆಲಸಕ್ಕೆ ಹೋಗ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರ ಜೊತೆ ಊಟದ ರೂಮಿನಲ್ಲೇ ಕೂರ್ತಿದ್ದ. ಒಂದಿನ ಪಕ್ಕದ ಟೇಬಲ್ಲಿನಲ್ಲಿ ಯಾರೋ ಇನ್ನೊಬ್ಬ ಹೊಸಬನನ್ನ ಕೇಳಿದರು: "ನಿಮ್ಮ ಮನೆದೇವ್ರು ಯಾವ್ದು?" ಈ ಪ್ರಶ್ನೆಯ ಅರ್ಥ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಯಿಬಿಟ್ಟು ಜಾತಿ ಕೇಳೋಕೆ ನಾಚಿಕೆ ಇರೋರು ದೇವರನ್ನ ಮುಂದೆ ಬಿಡ್ತಾರೆ, ಅಷ್ಟೇ. ಕೇಳಿದ್ದು ಇವನನ್ನಲ್ಲ. ಆದರೂ ಇವನ ಎದೆ ಡವಡವ ಅಂತ ಹೊಡ್ಕೊಂಡು, ಬಾಯಲ್ಲಿದ್ದ ತುತ್ತು ಇಳೀಲಿಲ್ಲ. ಅರ್ಧ ಡಬ್ಬಿ ಮುಚ್ಚಿ ಎದ್ದು ಬಂದ. ಕಾರಿಡಾರಿಗೆ ಬಂದ ತಕ್ಷಣ ಎಷ್ಟು ಹಾಯಾಯ್ತು ಅಂದ್ರೆ, "ನೀರಲ್ಲಿ ಮುಳುಗಿದೋನು ತಲೆ ಎತ್ತಿದಂಗೆ ಆಯ್ತು ಮಾಮ" ಅಂತ ಆಮೇಲೆ ಹೇಳಿದ.

ಆ ಹಾಯಿ ಇದೆಯಲ್ಲ, ನಾನು ಬರೀಬೇಕು ಅಂತಿರೋದು ಅದರ ಬಗ್ಗೆಯೇ.

ಮಾರನೇ ದಿನ ಊಟಕ್ಕೆ ಅರ್ಧ ಗಂಟೆ ತಡವಾಗಿ ಹೋದ, ರೂಮು ಖಾಲಿ ಆದಮೇಲೆ. ಹಾಯಾಯ್ತು. ಸ್ವಲ್ಪ ದಿನಕ್ಕೆ ಅದೂ ಸಾಲದಾಯ್ತು, ಯಾರಾದರೂ ಒಬ್ಬರು ಕೂತಿದ್ದರೂ ವಾಪಸ್ ಬರ್ತಿದ್ದ. ಆಮೇಲೆ ಟೆರೇಸ್ ಮೆಟ್ಟಿಲ ಮೇಲೆ ಕೂತು ತಿನ್ನೋದು. ಆಮೇಲೆ "ನಂಗೆ ಹಸಿವಿಲ್ಲ" ಅನ್ನೋದು. ಸಂಜೆ ಡಬ್ಬಿ ತುಂಬಿದ ಹಾಗೇ ಮನೆಗೆ ಬಂದರೆ ಅಕ್ಕ ಬೈತಾಳೆ ಅಂತ ದಾರಿಯಲ್ಲೇ ನಾಯಿಗೆ ಹಾಕಿ ಬರ್ತಿದ್ದನಂತೆ. ಟೀ ಹೊತ್ತಿನ ಮಾತು ಬಿಟ್ಟ, ಹುಟ್ಟುಹಬ್ಬದ ಕೇಕಿಗೆ ಬಾತ್‌ರೂಮಿಗೆ ಹೋದ, ಆಯುಧಪೂಜೆ ದಿನ ರಜೆ ಹಾಕಿದ. ಎಂಟು ತಿಂಗಳಾದಮೇಲೆ ಮ್ಯಾನೇಜರ್ ಕರೆದು, ಟೀಮ್ ಲೀಡ್ ಮಾಡ್ತೀವಿ, ಸಂಬಳ ಜಾಸ್ತಿ ಆಗುತ್ತೆ, ಆದರೆ ಕ್ಲೈಂಟುಗಳ ಜೊತೆ ಕೂತು ಊಟ ಮಾಡೋದು, ಮಾತಾಡೋದು ಇರುತ್ತೆ ಅಂದರು. ಇವನು ಎರಡು ದಿನ ಟೈಮ್ ಕೇಳಿ, ಬೇಡ ಅಂತ ಬರೆದುಕೊಡೋಕೆ ಲೆಟರ್ ತಯಾರು ಮಾಡಿದ. ಇಂಗ್ಲಿಷ್ ಸರಿ ಇದೆಯಾ ನೋಡು ಅಂತ ನನ್ನ ಹತ್ತಿರ ತಂದ. ನಾನು ಗುಮಾಸ್ತ, ಲೆಟರ್ ತಿದ್ದೋದು ನನ್ನ ಕಸುಬು. ಇಂಗ್ಲಿಷ್ ಸರಿಯಾಗೇ ಇತ್ತು. ಯಾಕೆ ಅಂತ ಕೇಳಿದೆ. ಆಗ ಬಂತು ಇಷ್ಟೂ ಕತೆ.

ಆ ಎಂಟು ತಿಂಗಳಲ್ಲಿ ಅವನನ್ನ ಎಷ್ಟು ಜನ ಜಾತಿ ಕೇಳಿದ್ದರು? ಒಬ್ಬರೂ ಇಲ್ಲ. ಭಯ ಮಾತ್ರ ಒಂದು ಟೇಬಲ್ಲಿನಿಂದ ಇಡೀ ಆಫೀಸಿಗೆ ಹಬ್ಬಿತ್ತು.

ಇದು ಹೇಗೆ ಆಗುತ್ತೆ ಅನ್ನೋದಕ್ಕೆ ಹಳೇ ಪ್ರಯೋಗ ಒಂದಿದೆ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಸಾಲೊಮನ್, ವಿನ್ ಅನ್ನೋ ಮನೋವಿಜ್ಞಾನಿಗಳು ನಾಯಿಗಳನ್ನ ಎರಡು ಭಾಗದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲು ಒಂದು ಸೂಚನೆ, ಆಮೇಲೆ ಕರೆಂಟ್ ಶಾಕ್. ಮಧ್ಯದ ತಡೆ ಹಾರಿ ಆಚೆ ಹೋದರೆ ಶಾಕ್ ಇಲ್ಲ. ನಾಯಿಗಳು ಬೇಗ ಕಲಿತವು, ಸೂಚನೆ ಬಂದ ಕೂಡಲೇ ಹಾರತೊಡಗಿದವು. ಆಮೇಲೆ ಕರೆಂಟನ್ನೇ ತೆಗೆದುಬಿಟ್ಟರು. ನಾಯಿಗಳು ನಿಲ್ಲಿಸಲಿಲ್ಲ, ನೂರಾರು ಸಲ ಹಾರುತ್ತಲೇ ಇದ್ದವು. ಯಾಕಂದ್ರೆ ಕರೆಂಟ್ ಹೋಗಿದೆ ಅಂತ ಗೊತ್ತಾಗಬೇಕಾದರೆ ಒಂದು ಸಲವಾದರೂ ಹಾರದೆ ನಿಂತು ನೋಡಬೇಕಲ್ಲ. ಹಾರಿದಾಗೆಲ್ಲ ಭಯ ಇಳಿಯುತ್ತೆ, ಆ ಇಳಿದ ಭಯವೇ ಬಹುಮಾನ, ಆ ಬಹುಮಾನಕ್ಕೆ ಮತ್ತೆ ಹಾರೋದು. (ನಾಯಿಗಳಿಗೆ ಮಾಡಿದ್ದು ಕ್ರೂರವೇ, ಅದು ಬೇರೆ ಮಾತು.)

ನಮ್ಮ ಹುಡುಗನೂ ಅದೇ ಲೆಕ್ಕ. ಊಟ ತಪ್ಪಿಸಿದ ದಿನವೆಲ್ಲ ಏನೂ ಕೆಟ್ಟದ್ದು ನಡೀಲಿಲ್ಲ. ಮನಸ್ಸು ಅದರಿಂದ ಕಲಿತದ್ದು "ಅಲ್ಲಿ ಅಪಾಯ ಇಲ್ಲ" ಅಂತಲ್ಲ, "ತಪ್ಪಿಸಿಕೊಂಡಿದ್ದಕ್ಕೆ ಬಚಾವಾದೆ" ಅಂತ.

ಇಲ್ಲಿ ನಮ್ಮ ಚಳವಳಿಯ ಗೆಳೆಯರು ಒಂದು ಮಾತು ಕೇಳ್ತಾರೆ, ಕೇಳಲೇಬೇಕು. ಅವನ ಭಯ ರೋಗವಾ? ಜಾತಿ ಸುಳ್ಳಾ? ಸುಳ್ಳಲ್ಲ. ಇವನಿಗೆ ಶಾಲೆಯಲ್ಲಿ ಬಿಸಿಯೂಟದ ಸಾಲಿನಲ್ಲಿ ಪಕ್ಕದವನು ತಟ್ಟೆ ಎತ್ಕೊಂಡು ದೂರ ಹೋಗಿದ್ದ, ಮೇಷ್ಟ್ರು ನೋಡಿಯೂ ಸುಮ್ಮನಿದ್ದರು. ನಾಯಿಗೂ ಮೊದಲು ನಿಜವಾದ ಶಾಕೇ ಹೊಡೆದಿತ್ತು. ಹಾಗಂತ ಈಗ ಈ ರೂಮಿನಲ್ಲಿ, ಈ ಏಳು ಜನರ ನಡುವೆ ಕರೆಂಟ್ ಇದೆಯಾ ಇಲ್ಲವಾ? ಅದನ್ನ ಭಾಷಣದಿಂದ ತಿಳಿಯೋಕಾಗಲ್ಲ, ಮೆಟ್ಟಿಲ ಮೇಲೆ ಒಬ್ಬನೇ ಕೂತೂ ತಿಳಿಯೋಕಾಗಲ್ಲ.

ನಿಮ್ಹಾನ್ಸ್ ಒಪಿಡಿಗೆ ಕರ್ಕೊಂಡು ಹೋದೆ. ಮೊದಲು ಡಾಕ್ಟರು ನಿದ್ದೆ, ಕುಡಿತ, ಥೈರಾಯ್ಡ್ ಎಲ್ಲ ವಿಚಾರಿಸಿದರು, ಯಾಕಂದ್ರೆ ಎದೆ ಹೊಡ್ಕೊಳ್ಳೋದಕ್ಕೆ ಬೇರೆ ಕಾರಣವೂ ಇರಬಹುದು. ಆಮೇಲೆ ಸೈಕಾಲಜಿಸ್ಟ್ ಮೇಡಂ ಹತ್ತಿರ ಕಳಿಸಿದರು. ಅವರು ಧೈರ್ಯ ತಗೋ ಅಂತ ಒಂದು ಸಲವೂ ಅನ್ನಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಏಣಿ ಬರೆಸಿದರು. ಯಾವ ಸಂದರ್ಭಕ್ಕೆ ಎಷ್ಟು ಭಯ, ಸೊನ್ನೆಯಿಂದ 100ರವರೆಗೆ ನಂಬರ್ ಕೊಡು ಅಂತ. ಗಾಂಧಿಬಜಾರಿನ ದರ್ಶಿನಿಯಲ್ಲಿ ಗುರುತಿಲ್ಲದವರ ಪಕ್ಕ ನಿಂತು ಇಡ್ಲಿ ತಿನ್ನೋದು 25. ಆಫೀಸಿನ ಟೀ ಗುಂಪಿನಲ್ಲಿ ಐದು ನಿಮಿಷ ನಿಲ್ಲೋದು 40. ಊಟದ ರೂಮಿನ ಮೂಲೆಯಲ್ಲಿ ಮೊಸರನ್ನ ತಿನ್ನೋದು 55. ನಡುವಿನ ಟೇಬಲ್ಲಿನಲ್ಲಿ ಅಮ್ಮ ಕಟ್ಟಿಕೊಟ್ಟ ಒಣಮೀನ್ ಗೊಜ್ಜಿನ ಡಬ್ಬಿ ತೆಗೆಯೋದು 80. (ಆ ಆಫೀಸಿನಲ್ಲಿ ಮಾಂಸಾಹಾರಕ್ಕೆ ಯಾವ ನಿಷೇಧವೂ ಇರಲಿಲ್ಲ. ಅದನ್ನ ಮೊದಲೇ ಕೇಳಿ ಖಾತ್ರಿ ಮಾಡ್ಕೊಂಡರು.) ಮನೆದೇವರ ಪ್ರಶ್ನೆಗೆ ಎದುರಾಗೋದು 95.

ಪ್ರತಿ ಸಲ ಹೋಗೋ ಮುಂಚೆ ಏನಾಗುತ್ತೆ ಅನ್ನಿಸ್ತಿದೆಯೋ ಅದನ್ನ ಬರೀಬೇಕು. ಬಂದಮೇಲೆ ಏನಾಯ್ತು ಅಂತ ಬರೀಬೇಕು. ಊಟದ ರೂಮಿನ ಮೊದಲ ದಿನ ಅವನು ಬರೆದದ್ದು: "ನಾನು ಕೂತ ತಕ್ಷಣ ಇಬ್ಬರಾದರೂ ಎದ್ದು ಹೋಗ್ತಾರೆ. ಹತ್ತು ನಿಮಿಷದೊಳಗೆ ಜಾತಿ ಕೇಳ್ತಾರೆ." ಬಂದಮೇಲೆ ಬರೆದದ್ದು: "ಒಬ್ಬರು ಎದ್ದರು, ನೀರಿಗೆ. ಕ್ರಿಕೆಟ್ ಮಾತಾಡಿದರು." ಮತ್ತೊಂದು ಶರತ್ತು, ಭಯ ತುದಿಗೆ ಹೋದಾಗ ಎದ್ದು ಬರಬಾರದು. ಆ ಹೊತ್ತಿಗೆ ಎದ್ದರೆ ಮತ್ತೆ ಅದೇ ಹಾಯಿ, ಮತ್ತೆ ಅದೇ ಪಾಠ.

ಎರಡು ವಾರ ಆದರೂ ನಂಬರ್ ಇಳೀಲಿಲ್ಲ. ದಿನಾ ಹೋಗ್ತಾನೆ, ದಿನಾ 55. ಮೇಡಂ ಕೂರೋ ರೀತಿ ವಿಚಾರಿಸಿದಾಗ ಗೊತ್ತಾಯ್ತು. ಅಯ್ಯಾ ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಫೋನ್ ನೋಡ್ತಾ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ತಿಂತಿದ್ದ. ದೇಹ ಊಟದ ರೂಮಿನಲ್ಲಿದ್ದರೂ ಲೆಕ್ಕಕ್ಕೆ ಮೆಟ್ಟಿಲ ಮೇಲೇ ಇದ್ದ ಹಾಗೆ. ಏನೂ ಕೆಟ್ಟದ್ದಾಗದಿದ್ದರೆ ಅದರ ಕೀರ್ತಿ ಇಯರ್‌ಫೋನಿಗೆ ಹೋಗ್ತಿತ್ತು. ಅದನ್ನ ಡ್ರಾಯರಿನಲ್ಲಿಟ್ಟು ಒಳಗಿನ ಕುರ್ಚಿಗೆ ಹೋದ ಮೊದಲ ದಿನ ಭಯ 70ಕ್ಕೆ ಏರಿತು. ಅದೇ ವಾರದ ಕೊನೆಗೆ 30ಕ್ಕೆ ಬಂತು. ಹೊರಗಿಂದ ನೋಡೋರು ಇಲ್ಲೇ ಮೋಸ ಹೋಗೋದು. ಹುಡುಗ ಹೋಗ್ತಿದ್ದಾನೆ, ಕೂರ್ತಿದ್ದಾನೆ, ಆದರೂ ಭಯ ಕಡಿಮೆಯಾಗ್ತಿಲ್ಲ ಅಂದ್ರೆ, ಒಳಗೊಳಗೇ ಯಾವುದೋ ಊರುಗೋಲು ಹಿಡಿದಿದ್ದಾನೆ ಅಂತ ಅರ್ಥ. ಕೆಲವರಿಗೆ ಅದು ಫೋನು, ಕೆಲವರಿಗೆ ಜೊತೆಗೆ ಬರೋ ಗೆಳೆಯ, ಕೆಲವರಿಗೆ ಒಂದು ಪೆಗ್ಗು.

95ರ ಮೆಟ್ಟಿಲ ಬಗ್ಗೆ ನನಗೂ ಮೇಡಂಗೂ ಜಗಳವೇ ಆಗುತ್ತೆ ಅಂದ್ಕೊಂಡಿದ್ದೆ. ಜಾತಿ ಹೇಳ್ಕೋ ಅನ್ನೋದನ್ನ ಹೋಂವರ್ಕ್ ಮಾಡೋದು ಯಾವ ನ್ಯಾಯ? ಆದರೆ ಅವರು ಅಂದದ್ದು ಬೇರೆ. ಹೇಳೋದು ಬಿಡೋದು ಅವನ ಇಷ್ಟ. "ಅದನ್ನ ಯಾಕೆ ಕೇಳ್ತೀರಿ?" ಅನ್ನೋದೂ ಒಂದು ಉತ್ತರವೇ. ಕುರ್ಚಿ ಬಿಟ್ಟು ಏಳದೆ, ಮುಖ ನೋಡಿ ಉತ್ತರ ಕೊಟ್ಟರೆ ಸಾಕು ಅಂದರು.

ಆರನೇ ವಾರ ಪ್ರಶ್ನೆ ಬಂದೇ ಬಂತು. ಅದೇ ದನಿ, ಅದೇ ನಗು. ಇವನು ಅನ್ನ ಕಲಸ್ತಾ ಅಂದನಂತೆ: "ನಾವು ಎಸ್ಸಿ ಸರ್. ಅದನ್ನೇ ಅಲ್ವಾ ನೀವು ಕೇಳಿದ್ದು?" ಟೇಬಲ್ ಒಂದು ಕ್ಷಣ ಸುಮ್ಮನಾಯ್ತು. ಯಾರೋ ಉಪ್ಪಿನಕಾಯಿ ಕೇಳಿದರು, ಊಟ ಮುಂದುವರೀತು. ಮಾರನೇ ದಿನ ಕೇಳಿದಾತ ಬೇರೆ ಟೇಬಲ್ಲಿಗೆ ಹೋಗಿ ಕೂತ. ಉಳಿದ ಆರು ಜನ ಅಲ್ಲೇ ಇದ್ದರು.

ಸಂಜೆ ಅವನ ನೋಟ್‌ಬುಕ್ ನೋಡಿದೆ. ಮುಂಚೆ ಬರೆದಿದ್ದ ಭವಿಷ್ಯ: "ಎಲ್ಲರೂ ದೂರ ಆಗ್ತಾರೆ. ಉಸಿರಾಡೋಕಾಗಲ್ಲ. ಕೆಲಸ ಬಿಡಬೇಕಾಗುತ್ತೆ." ಕೆಳಗೆ: "ಒಬ್ಬ ದೂರ ಆದ. ಉಸಿರಾಡಿದೆ. ಗೊಜ್ಜು ಖಾಲಿ." ಜಗತ್ತು ಒಳ್ಳೇದು ಅಂತ ಅವನು ಕಲಿಯಲಿಲ್ಲ. ಕಲಿಸಿದ್ದರೆ ಅದು ಸುಳ್ಳು ಪಾಠ ಆಗ್ತಿತ್ತು, ಆ ಒಬ್ಬ ಸಿಕ್ಕ ದಿನವೇ ಮುರಿದು ಬೀಳ್ತಿತ್ತು. ಅವನಂಥ ಒಬ್ಬ ಎದುರಿಗಿದ್ದರೂ ತಾನು ಕೂತು ಉಣ್ಣಬಹುದು ಅನ್ನೋದನ್ನ ಕಲಿತ.

ಒಂದು ಗೆರೆ ಮಾತ್ರ ಎಳೀಲೇಬೇಕು. ಆತ ಟೇಬಲ್ ಬದಲಿಸಿದ್ದು ಅವನ ಸಣ್ಣತನ, ಅಷ್ಟಕ್ಕೆ ಕೇಸಾಗಲ್ಲ. ಎಲ್ಲರೆದುರು ಜಾತಿ ಹೆಸರಿಡಿದು ಬೈದಿದ್ದರೆ, ಬೇಕಂತಲೇ ಅವಮಾನ ಮಾಡಿದ್ದರೆ, ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3ಕ್ಕೆ ಬರುವ ಅಪರಾಧ. ಅಲ್ಲಿ ಏಣಿ, ನಂಬರ್ ಯಾವುದೂ ಬೇಡ, ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಡಬೇಕು. ಹೊಡೆಯೋ ಗಂಡನ ಮನೆಗೆ, ಹಲ್ಲೆ ಮಾಡಿದವರ ಬೀದಿಗೆ "ಭಯ ಎದುರಿಸು" ಅಂತ ಯಾರನ್ನೂ ಕಳಿಸಬಾರದು. ಕರೆಂಟ್ ಇರೋ ತಂತಿಯಿಂದ ದೂರ ಇರೋದು ಬುದ್ಧಿವಂತಿಕೆ, ಕಾಯಿಲೆ ಅಲ್ಲ.

ಹಳೇ ಭಯ ಪೂರ್ತಿ ಅಳಿಸಿಹೋಗಿಲ್ಲ. ದೀಪಾವಳಿಗೆ ಹತ್ತು ದಿನ ಊರಿಗೆ ಹೋಗಿ ಬಂದಮೇಲೆ ಊಟದ ರೂಮು ಮತ್ತೆ 50 ಆಗಿತ್ತು. ಮೇಡಂ ಇದನ್ನ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ, ಮೂರು ದಿನ ಬಿಡದೆ ಕೂತ, 20ಕ್ಕೆ ಬಂತು. ಅದಕ್ಕೇ ಈಗ ಜಾಗ ಬದಲಿಸಿ ಬದಲಿಸಿ ಮಾಡ್ತಾನೆ, ಒಂದಿನ ಆಫೀಸು, ಒಂದಿನ ಕ್ಲೈಂಟ್ ಜೊತೆ ಹೋಟ್ಲು. ಒಂದೇ ಟೇಬಲ್ಲಿನಲ್ಲಿ ಕಲಿತದ್ದು ಆ ಟೇಬಲ್ಲಿಗೇ ಅಂಟಿಕೊಳ್ಳುತ್ತಂತೆ.

ಆ ಲೆಟರ್ ಕೊಡಲಿಲ್ಲ. ಟೀಮ್ ಲೀಡ್ ಆಗಿ ಎರಡನೇ ತಿಂಗಳು. ಆಯುಧಪೂಜೆ ಮಾತ್ರ ಏಣಿಯಲ್ಲಿ ಇನ್ನೂ ಬಾಕಿ ಇದೆ, ಈ ವರ್ಷದ ಪಟ್ಟಿಯಲ್ಲಿ 60 ಅಂತ ಬರೆದಿದ್ದಾನೆ.

ನಿಮ್ಮ ಮನೆಯಲ್ಲೂ ಇಂಥ ಹುಡುಗ ಹುಡುಗಿ ಇದ್ದರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಮಾಡೋಕೇ ಭಯ ಅನ್ನೋರಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಮೊದಲ ಸಲ ಪಕ್ಕದಲ್ಲಿ ಕೂರ್ತೀನಿ. ಎರಡನೇ ಸಲ ನೀವೇ ಮಾಡಬೇಕು.