ಇಪ್ಪತ್ತು ದಿನಗಳ ಬಡ್ಡಿ

ಕಂಬದೂರಿನಲ್ಲಿ ನಮ್ಮೊಡನೆ ಸೇವೆ ಸಲ್ಲಿಸಿ ನಿವೃತ್ತರಾದ ಗಣಿತದ ಅಧ್ಯಾಪಿಕೆಯೊಬ್ಬರು ಒಂದು ಅಕ್ಟೋಬರ್ ಬೆಳಗ್ಗೆ ತಮ್ಮ ಪಿಂಚಣಿ ಖಾತೆಯ ವಿವರಪಟ್ಟಿಯನ್ನು ಹಿಡಿದು ನಮ್ಮ ಮನೆಗೆ ಬಂದರು. “ಸಾರ್, ಬಡ್ಡಿ ತಪ್ಪಾಗಿದೆ” ಎಂದರು. ಕಡಿಮೆ ಬಂದಿರಬೇಕೆಂದು ಭಾವಿಸಿ ನಾವು ಕನ್ನಡಕ ಹುಡುಕಿದೆವು. ಬಂದದ್ದು ಹೆಚ್ಚು!

ಪಿಂಚಣಿ ಜಮೆಯಾದ ದಿನವೇ ಅಷ್ಟನ್ನೂ ತೆಗೆದುಬಿಡುವುದು ಅವರ ರೂಢಿ. ಆದುದರಿಂದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನದ ಕೊನೆಗೆ ಖಾತೆಯಲ್ಲಿ ಅವರದೆಂದು ಉಳಿಯುತ್ತಿದ್ದುದು 1,46,000 ರೂಪಾಯಿ. ಶೇಕಡಾ 3ರಂತೆ ವರ್ಷದ ಬಡ್ಡಿ 4,380. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 12 ರೂಪಾಯಿ. ಮೂರು ತಿಂಗಳ 92 ದಿನಗಳಿಗೆ 1,104 ಬರಬೇಕು. ಪಟ್ಟಿಯಲ್ಲಿ 2,304 ಎಂದಿತ್ತು. ಬಡ್ಡಿಯ ದರ ಏರಿರಬಹುದೆಂದು ನಾವು ಹೇಳಿದೆವು. ನಾವು ಚರಿತ್ರೆಯ ಮೇಷ್ಟ್ರು. ಅವರು ನಕ್ಕು ಆಗಸ್ಟ್ ತಿಂಗಳ ಪುಟ ತೆರೆದರು.

5ನೆಯ ತಾರೀಖು ಯಾರದೋ 7,30,000 ರೂಪಾಯಿ ಅವರ ಖಾತೆಗೆ ತಪ್ಪಿ ಬಂದಿತ್ತು. 25ರಂದು ಬ್ಯಾಂಕೇ ಅದನ್ನು ಹಿಂದೆಗೆದುಕೊಂಡಿತ್ತು. ಆದರೆ ಹಿಂದೆಗೆದ ನಮೂದಿಗೆ 5ನೆಯ ತಾರೀಖಿನಿಂದಲೇ ಜಾರಿ ಎಂದು ಕಾಣಿಸದೆ, ಅಂದಿನ ತಾರೀಖನ್ನೇ ಹಾಕಿದ್ದರು. ಯಂತ್ರಕ್ಕೇನು ಗೊತ್ತು? ಪ್ರತಿರಾತ್ರಿ ಕಂಡ ಶಿಲ್ಕಿಗೆ ಬಡ್ಡಿ ಕಟ್ಟುತ್ತ ಹೋಯಿತು. ದಿನಕ್ಕೆ 60 ರೂಪಾಯಿ, ಇಪ್ಪತ್ತು ದಿನ, 1,200. ಲೆಕ್ಕ ಪೈಸೆಗೆ ಪೈಸೆ ಕೂಡಿತು.

2010ರ ಏಪ್ರಿಲ್ 1ಕ್ಕೆ ಮುಂಚೆ ಹೀಗಾಗುತ್ತಿರಲಿಲ್ಲ. ಆಗ ಪ್ರತಿ ತಿಂಗಳ 10ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ. 25ರಂದು ಹೊರಟುಹೋದ ಹಣ ಎಣಿಕೆಗೇ ಬರುತ್ತಿರಲಿಲ್ಲ. ದಿನವಹಿ ಎಣಿಕೆ ನಮ್ಮಂತಹ ಪಿಂಚಣಿದಾರರಿಗೆ ಲಾಭದ್ದೇ, ಸಂದೇಹವಿಲ್ಲ. ಆದರೆ ಒಂದು ತಾರೀಖು ತಪ್ಪಿದರೂ ಅದು ಬಡ್ಡಿಯಲ್ಲಿ ಎದ್ದು ಕಾಣುತ್ತದೆ.

ನಾವೂ ಜೊತೆಯಲ್ಲಿ ಬ್ಯಾಂಕಿಗೆ ಹೋದೆವು. ಗುಮಾಸ್ತ ಹುಡುಗ ಪಟ್ಟಿಯನ್ನು ನೋಡಿ, “ಬಂದದ್ದು ಬರಲಿ ಬಿಡಿ ಟೀಚರಮ್ಮಾ, ನೀವೇನು ಕೇಳಿ ತಗೊಂಡಿರಾ?” ಎಂದ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಅವನ ಕಡೆಗೇ ಇತ್ತು.

ಅವರು ಕುರ್ಚಿ ಎಳೆದುಕೊಂಡು ಕುಳಿತರು. “ಆ ಏಳು ಲಕ್ಷ ಯಾರಿಗೆ ಸೇರಬೇಕಿತ್ತೋ ಅವರ ಖಾತೆಯಲ್ಲಿ ಆ ಇಪ್ಪತ್ತು ದಿನ ಹಣವಿರಲಿಲ್ಲ. ಅವರಿಗೆ ಬಡ್ಡಿ ಬಂದಿದೆಯೇನಪ್ಪಾ?”

ಹುಡುಗ ಉತ್ತರಿಸದೆ ಒಳಗೆ ಹೋಗಿ ಮ್ಯಾನೇಜರರನ್ನು ಕರೆತಂದ. ಅವರು ಎರಡು ನಮೂದುಗಳ ತಾರೀಖು ನೋಡಿ, ಅರ್ಜಿ ಬರೆದುಕೊಡಿ ಎಂದರು. ಅಧ್ಯಾಪಿಕೆ ಆರು ಸಾಲು ಬರೆದರು: ಬಂದ ದಿನ, ಹೋದ ದಿನ, ಮೊತ್ತ, ದರ, ಹೆಚ್ಚಾದ ಬಡ್ಡಿ, ಸಹಿ.

ವಾರದೊಳಗೆ ಅವರ ಖಾತೆಯಿಂದ 1,200 ಕಡಿತವಾಯಿತು. ಅಷ್ಟಕ್ಕೆ ಅವರು ಸುಮ್ಮನಾಗಲಿಲ್ಲ. ಮತ್ತೆ ಹೋಗಿ ಆ ಇನ್ನೊಂದು ಖಾತೆಗೆ ಜಮೆಯಾಯಿತೇ ಎಂದು ಕೇಳಿದರು. ಯಾರ ಖಾತೆಯೆಂದು ಹೇಳುವಂತಿಲ್ಲ, ಜಮೆಯಾಗಿದೆ ಎಂದರು ಮ್ಯಾನೇಜರ್. ಹೆಸರು ತಮಗೂ ಬೇಡವೆಂದು ಹೇಳಿ, ಅಧ್ಯಾಪಿಕೆ ಪಾಸ್‌ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.