ಡೋನಟ್ ಹಾಕಿದ ಮೇಲೆ ಎಣ್ಣೆ ಎಷ್ಟು ಬಿಸಿ ಇದೆ?

ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಯುವಜನರು ತಿಂಡಿ ಮಾರುವುದು ವಾಡಿಕೆ. ಈ ಸಲ ಡೋನಟ್ ಮಾಡೋಣ ಎಂದಾಯಿತು. ಆ ದಿನಗಳಿಗೂ ಡೋನಟ್‌ಗೂ ಹಳೆಯ ನಂಟಿದೆ. ತಪಸ್ಸುಕಾಲದ ಉಪವಾಸ ಶುರುವಾಗುವ ಮೊದಲು ಮನೆಯಲ್ಲಿರುವ ಕೊಬ್ಬು, ಮೊಟ್ಟೆ, ಸಕ್ಕರೆಯನ್ನು ಮುಗಿಸಲು ಜರ್ಮನಿಯಂಥ ದೇಶಗಳಲ್ಲಿ ಯೀಸ್ಟ್ ಹಿಟ್ಟನ್ನು ಕರಿದು ತಿನ್ನುತ್ತಿದ್ದರು. ನಮ್ಮ ಮಾರಾಟದ ಹಣ ಡಯಾಲಿಸಿಸ್‌ಗಾಗಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿಬರುವ ನಮ್ಮ ವಾರ್ಡಿನ ಅಣ್ಣನೊಬ್ಬರ ಪ್ರಯಾಣದ ಖರ್ಚಿಗೆ. 70 ಡೋನಟ್ ಮಾಡಬೇಕು, ಒಂದೂ ಹಾಳಾಗಬಾರದು. ಹಿಂದೊಮ್ಮೆ ಬೇಕರಿಯಿಂದ ತರಿಸಿದ ಡೋನಟ್‌ಗಳಲ್ಲಿ ಕಾಗದವೆಲ್ಲ ಎಣ್ಣೆಯಾಗಿತ್ತು, ನಡುವೆ ಹಸಿ ಹಿಟ್ಟು ಹಲ್ಲಿಗೆ ಅಂಟುತ್ತಿತ್ತು. ಕೊಂಡವರು ಅರ್ಧ ತಿಂದು ಎಸೆದಿದ್ದು ಎಲ್ಲರಿಗೂ ನೆನಪಿತ್ತು.

ಕರಿಯುವ ಕೆಲಸಕ್ಕೆ ನಮ್ಮ ದೊಡ್ಡಮ್ಮ ಬಂದರು. ಮಂಗಳೂರು ಬನ್ಸ್ ಮಾಡುವುದರಲ್ಲಿ ಊರಲ್ಲೇ ಅವರದು ಎತ್ತಿದ ಕೈ. "ಎಣ್ಣೆ ಚೆನ್ನಾಗಿ ಕಾಯಬೇಕು ಮಗಾ, ಹಾಕಿದ ಕೂಡಲೇ ಉಬ್ಬಿ ಮೇಲೆ ಬರಬೇಕು" ಎಂದರು. ಬನ್ಸ್‌ಗೆ ಆ ಮಾತು ಸರಿಯೇ. ಬನ್ಸನ್ನು ದಪ್ಪ ಪೂರಿಯ ಹಾಗೆ ಲಟ್ಟಿಸುತ್ತೇವೆ. ಒಳಗೆ ಹಬೆ ತುಂಬಿ ಟೊಳ್ಳಾಗುವುದರಿಂದ ಬೇಗ ಬೇಯುತ್ತದೆ. ಡೋನಟ್ ಹಾಗಲ್ಲ. ಅರ್ಧ ಇಂಚು ದಪ್ಪಕ್ಕೆ ಲಟ್ಟಿಸಿ ಕತ್ತರಿಸಿದ್ದು, ಯೀಸ್ಟಿನಿಂದ ಉಬ್ಬುವಾಗ ಇನ್ನೂ ದಪ್ಪವಾಗುತ್ತದೆ. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಸ್ಪಂಜಿನಂಥ ಹಿಟ್ಟು ಅದು. ಅಂಥ ಹಿಟ್ಟಿನಲ್ಲಿ ಬಿಸಿ ನಿಧಾನವಾಗಿ ನಡುವಿಗೆ ಸಾಗುತ್ತದೆ. ಮಧ್ಯೆ ತೂತು ಇರುವುದೂ ಈ ದಾರಿಯನ್ನು ಚಿಕ್ಕದು ಮಾಡುತ್ತದೆ.

ಹಿಂದಿನ ದಿನ, ಶನಿವಾರ ಸಂಜೆ, ಪರೀಕ್ಷೆಗೆಂದೇ ಒಂದು ಪಾಲು ಹಿಟ್ಟು ಕಲಸಿದೆವು. ಅರ್ಧ ಕಿಲೋ ಮೈದಾ, 60 ಗ್ರಾಂ ಸಕ್ಕರೆ, 7 ಗ್ರಾಂ ಒಣ ಯೀಸ್ಟ್, 250 ಮಿಲಿ ಉಗುರುಬೆಚ್ಚಗಿನ ಹಾಲು, ಒಂದು ಮೊಟ್ಟೆ, 60 ಗ್ರಾಂ ಬೆಣ್ಣೆ, ಒಂದೂವರೆ ಚಮಚ ಉಪ್ಪು. ಕತ್ತರಿಸಿ ಉಳಿದದ್ದನ್ನು ಮತ್ತೆ ಲಟ್ಟಿಸಿದರೆ ಸುಮಾರು 65 ಗ್ರಾಂ ತೂಕದ 14 ಡೋನಟ್ ಆಗುತ್ತವೆ. ಎಣ್ಣೆ ನಮ್ಮ ಮನೆಯ ತೆಂಗಿನೆಣ್ಣೆಯಲ್ಲ. ಗಾಣದ ತೆಂಗಿನೆಣ್ಣೆ ನಮಗೆ ಬೇಕಾದ ಬಿಸಿಯ ಆಸುಪಾಸಿನಲ್ಲೇ ಹೊಗೆಯಾಡತೊಡಗುತ್ತದೆ. ಹಾಗಾಗಿ ಎರಡು ಲೀಟರ್ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯನ್ನು ಬಾಣಲೆಯ ಅರ್ಧಕ್ಕಿಂತ ಮೇಲೆ ಬಾರದಂತೆ ಹಾಕಿದೆವು. ಕರಿಯುವ ಎಣ್ಣೆಗೆಂದೇ ಸಿಗುವ, ಕಡ್ಡಿಯಿರುವ ಥರ್ಮಾಮೀಟರನ್ನು ಅದರ ತುದಿ ತಳಕ್ಕೆ ತಾಗದಂತೆ ಬಾಣಲೆಯ ಅಂಚಿಗೆ ಸಿಕ್ಕಿಸಿದೆ. ತಳಕ್ಕೆ ತಾಗಿದರೆ ಅದು ಎಣ್ಣೆಯ ಬಿಸಿಯ ಬದಲು ಬಾಣಲೆಯ ಬಿಸಿಯನ್ನು ತೋರಿಸುತ್ತದೆ.

ವ್ಯತ್ಯಾಸ ದೊಡ್ಡಮ್ಮನ ಕಣ್ಣಿಗೇ ಬೀಳಲಿ ಎಂದು ಬೇರೆ ಬೇರೆ ಬಿಸಿಯಲ್ಲಿ ಒಂದೊಂದನ್ನೇ ಕರಿದು, ಅಡ್ಡ ಕತ್ತರಿಸಿ ತಟ್ಟೆಯಲ್ಲಿಟ್ಟೆವು. 200 ಡಿಗ್ರಿಯದು ಅರ್ಧ ನಿಮಿಷ ಆಗುವಷ್ಟರಲ್ಲಿ ಕಂದಾಯಿತು. ಹೊರಗೆ ನೋಡಲು ಚೆಂದ, ಒಳಗೆ ನಡುವಿನಲ್ಲಿ ಒದ್ದೆಯಾದ ಹಿಟ್ಟಿನ ಗೆರೆ. ಹಾಲು, ಸಕ್ಕರೆ ಇರುವ ಹಿಟ್ಟು ಬೇಗ ಬಣ್ಣ ತಾಳುತ್ತದೆ, ಆದ್ದರಿಂದ ಬಣ್ಣವನ್ನು ಮಾತ್ರ ನಂಬಿದರೆ ಮೋಸ ಹೋಗುತ್ತೇವೆ. 150 ಡಿಗ್ರಿಯದು ಬಣ್ಣ ಬರಲು ನಿಮಿಷಗಟ್ಟಲೆ ತೆಗೆದುಕೊಂಡಿತು. ಒಳಗೆ ಬೆಂದಿತ್ತು, ಆದರೆ ಹಿಂಡಿದರೆ ಬೆರಳಿಗೆ ಎಣ್ಣೆ ಬಂತು. 180 ಡಿಗ್ರಿಯದು ಒಂದು ಬದಿಗೆ ಒಂದೂಕಾಲು ನಿಮಿಷ, ಇನ್ನೊಂದು ಬದಿಗೂ ಅಷ್ಟೇ. ಒಳಗೆ ಒಣಗಿದ, ಮೃದುವಾದ ಬ್ರೆಡ್ಡಿನಂತಿತ್ತು. ಸೊಂಟದ ಸುತ್ತ ತೆಳು ಬಿಳಿ ಪಟ್ಟಿ ಬಂದಿತ್ತು. ಡೋನಟ್ ಚೆನ್ನಾಗಿ ಉಬ್ಬಿ ಎಣ್ಣೆಯ ಮೇಲೆ ಹಗುರವಾಗಿ ತೇಲಿದೆ ಎನ್ನುವುದಕ್ಕೆ ಆ ಪಟ್ಟಿಯೇ ಗುರುತು.

"ಎಣ್ಣೆ ಜಾಸ್ತಿ ಬಿಸಿಯಾದರೆ ತಾನೇ ಜಾಸ್ತಿ ಕುಡಿಯೋದು?" ಎಂದು ತಂಗಿ ಕೇಳಿದಳು. ಅದು ಉಲ್ಟಾ. ಹಿಟ್ಟು ಬಿಸಿ ಎಣ್ಣೆಗೆ ಬಿದ್ದಾಗ ಅದರಲ್ಲಿರುವ ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ನಾವು ನೋಡುವ ಗುಳ್ಳೆಗಳು ಅವೇ. ಹಬೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಸುಲಭವಲ್ಲ. ಎಣ್ಣೆ ತಣ್ಣಗಿದ್ದರೆ ಹಬೆಯ ಒತ್ತಡ ಕಡಿಮೆ, ಮೇಲಿನ ಗಟ್ಟಿ ಪದರ ಕಟ್ಟುವುದೂ ತಡ, ಬಾಣಲೆಯಲ್ಲಿ ಇರುವ ಹೊತ್ತೂ ಹೆಚ್ಚು. ಇನ್ನೊಂದು ವಿಷಯವಿದೆ: ಎಣ್ಣೆಯ ಒಂದು ದೊಡ್ಡ ಪಾಲು ಒಳಗಿಳಿಯುವುದು ಹೊರಗೆ ತೆಗೆದ ಮೇಲೆ. ಡೋನಟ್ ತಣಿಯುವಾಗ ಒಳಗಿನ ಹಬೆ ಮತ್ತೆ ನೀರಾಗುತ್ತದೆ, ಒತ್ತಡ ಇಳಿಯುತ್ತದೆ, ಮೈಗೆ ಅಂಟಿದ ಎಣ್ಣೆ ಒಳಗೆ ಎಳೆಯಲ್ಪಡುತ್ತದೆ. ಅದಕ್ಕೇ ತೆಗೆದ ಕೂಡಲೇ ಜಾಲರಿ ಸೌಟಿನಲ್ಲಿ ಕೆಲವು ಕ್ಷಣ ಬಾಣಲೆಯ ಮೇಲೆಯೇ ಹಿಡಿದು, ಆಮೇಲೆ ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಬಿಸಿಬಿಸಿ ಇರುವಾಗಲೇ ಪಾತ್ರೆಯಲ್ಲಿ ರಾಶಿ ಹಾಕಿದರೆ, 180ರಲ್ಲಿ ಕರಿದದ್ದೂ ಎಣ್ಣೆಣ್ಣೆಯಾಗುತ್ತದೆ.

ಇಷ್ಟು ತಿಳಿದ ಮೇಲೂ ನಿಜವಾದ ಸವಾಲು ಬಂದದ್ದು ಒಟ್ಟೊಟ್ಟಿಗೆ ಹಾಕಿದಾಗ. ನಾವು ಎಣ್ಣೆಯ ಬಿಸಿ ನೋಡುವುದು ಹಿಟ್ಟು ಹಾಕುವ ಮುಂಚೆ, ಡೋನಟ್ ಬೇಯುವುದು ಹಾಕಿದ ಮೇಲೆ ಇರುವ ಬಿಸಿಯಲ್ಲಿ. ಪರೀಕ್ಷೆಯಲ್ಲಿ ಆರು ಹಾಕಿ ನೋಡಿದೆವು. ಮುಳ್ಳು 182ರಿಂದ ಕೆಳಗಿಳಿಯುತ್ತ 165ರ ಹತ್ತಿರ ಹೋಯಿತು, ಬೇಗ ಮೇಲೆ ಬರಲೂ ಇಲ್ಲ. ಮೂರು ಹಾಕಿದಾಗ 174ರವರೆಗೆ ಮಾತ್ರ ಇಳಿಯಿತು, ಮಗುಚುವ ಹೊತ್ತಿಗೆ ಮತ್ತೆ 180ರ ಸಮೀಪ ಬಂತು. ಎರಡು ಲೀಟರ್ ಎಣ್ಣೆಗೆ ಮೂರೇ ಎಂದು ಅಲ್ಲಿಗೆ ತೀರ್ಮಾನವಾಯಿತು. ಹಿಟ್ಟು ಬಿದ್ದ ಕೂಡಲೇ ಉರಿ ಸ್ವಲ್ಪ ಜಾಸ್ತಿ ಮಾಡುವುದು, ಎಲ್ಲ ತೆಗೆದ ಕೂಡಲೇ ಕಡಿಮೆ ಮಾಡುವುದು. ತೆಗೆದ ಮೇಲೆ ಖಾಲಿ ಎಣ್ಣೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 190 ದಾಟುತ್ತದೆ, ಮುಂದಿನ ಮೂರು ಹಸಿಯಾಗುವುದು ಆಗಲೇ. ಮುಳ್ಳು ಮತ್ತೆ 180ಕ್ಕೆ ನಿಲ್ಲುವವರೆಗೆ ಯಾರೂ ಹಾಕುವಂತಿಲ್ಲ ಎಂಬುದು ನಿಯಮವಾಯಿತು.

ಭಾನುವಾರ ಬೆಳಿಗ್ಗೆ ಐದು ಪಾಲು ಹಿಟ್ಟನ್ನು 20 ನಿಮಿಷದ ಅಂತರದಲ್ಲಿ ಕಲಸಿದೆವು. ಒಟ್ಟಿಗೆ ಕಲಸಿದರೆ ಕೊನೆಯವು ಸರದಿ ಕಾಯುತ್ತ ಅತಿಯಾಗಿ ಉಬ್ಬಿ, ಎತ್ತುವಾಗಲೇ ಕುಸಿಯುತ್ತವೆ. ಸಾಕಷ್ಟು ಉಬ್ಬದಿದ್ದರೂ ತೊಂದರೆಯೇ: ಹಿಟ್ಟು ಗಟ್ಟಿ ಇರುವುದರಿಂದ ಎಣ್ಣೆಯ ಬಿಸಿ ಸರಿಯಿದ್ದರೂ ನಡು ಬೇಯುವುದಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ ಅರ್ಧದಷ್ಟು ತುಂಬಿಕೊಂಡರೆ ಕರಿಯಲು ತಯಾರು. ಪ್ರತಿ ಪಾಲಿನಿಂದ ಮೊದಲು ಬೆಂದ ಒಂದನ್ನು ಕತ್ತರಿಸಿ ನೋಡುತ್ತಿದ್ದೆವು. ಹಾಗೆ ಐದು ಹೋಗಿ 65 ಮಾರಾಟಕ್ಕೆ ಉಳಿದವು, ಎಲ್ಲವೂ ಖರ್ಚಾದವು. ಕತ್ತರಿಸಿದ ಐದು ಮಕ್ಕಳ ಪಾಲಾದವು.

ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಒಂದು ಸಣ್ಣ ಬ್ರೆಡ್ ತುಂಡು ಹಾಕಿ ನೋಡಿ. ಸುಮಾರು ಒಂದು ನಿಮಿಷಕ್ಕೆ ಹೊಂಬಣ್ಣಕ್ಕೆ ಬಂದರೆ ಎಣ್ಣೆ 180ರ ಹತ್ತಿರ ಇದೆ. ಅರ್ಧ ನಿಮಿಷಕ್ಕೇ ಕಂದಾದರೆ ಉರಿ ಇಳಿಸಿ ಕಾಯಿರಿ. ಪ್ರತಿ ಸುತ್ತಿಗೂ ಹೊಸ ತುಂಡು ಬೇಕು, ಏಕೆಂದರೆ ಮೊದಲ ಸುತ್ತಿನಲ್ಲಿ ಸರಿಯಿದ್ದ ಎಣ್ಣೆ ಎರಡನೆಯದರಲ್ಲಿ ಹಾಗೇ ಇರುವುದಿಲ್ಲ. ದೊಡ್ಡಮ್ಮ ಈಗ ಥರ್ಮಾಮೀಟರನ್ನು ತಮ್ಮ ಮನೆಗೆ ಒಯ್ದಿದ್ದಾರೆ. ಬನ್ಸ್‌ನ ಎಣ್ಣೆ ಎಷ್ಟು ಬಿಸಿಯಿರುತ್ತದೆ ಎಂದು ಅವರಿಗೆ ನೋಡಬೇಕಂತೆ.