ಲೆಕ್ಕ ಸರಿ ಇತ್ತು, ಬಾಗಿಲು ಸರಿ ಇರಲಿಲ್ಲ

ಹೋದ ವರ್ಷ ನಮ್ಮಕ್ಕ ನಾಲ್ಕು ಬಾಗಿಲ ಚೌಕಟ್ಟಿನ ದುಡ್ಡನ್ನು ತನ್ನ ಕೈಯಿಂದಲೇ ಕೊಟ್ಟಳು. ಹಾಸನದಲ್ಲಿ ಮನೆಯ ಮುಂದಿನ ರೂಮನ್ನೇ ಆಫೀಸ್ ಮಾಡಿಕೊಂಡು ಮನೆ ಪ್ಲಾನ್ ಹಾಕಿಕೊಡುವುದು ಅವಳ ಕೆಲಸ. ಆ ಮನೆಯ ಯಜಮಾನರ ತಾಯಿ ವೀಲ್‌ಚೇರ್‌ನಲ್ಲಿ ಓಡಾಡುವವರು. ಅದಕ್ಕೇ ಮಲಗುವ ಕೋಣೆಯ ಬಾಗಿಲನ್ನು 800 ಮಿಲಿಮೀಟರ್‌ನಿಂದ 900ಕ್ಕೆ ಅಗಲ ಮಾಡಿ ಅಂತ ಹೇಳಿದ್ದರು. ಅಕ್ಕ ಪ್ಲಾನ್‌ನಲ್ಲಿ ಅಗಲ ಮಾಡಿದಳು. ಒಂಬತ್ತೂ ಶೀಟಿನ ಮೂಲೆಯಲ್ಲಿ R1 ಇದ್ದದ್ದನ್ನು R2 ಅಂತ ತಿದ್ದಿದಳು. ಆದರೆ ಬಾಗಿಲುಗಳ ಪಟ್ಟಿ ಇದ್ದ ಶೀಟಿನಲ್ಲಿ ಮೂಲೆಯ ಅಕ್ಷರ ಮಾತ್ರ R2 ಆಯಿತು, ಒಳಗಿನ ಪಟ್ಟಿಯಲ್ಲಿ 800 ಹಾಗೇ ಉಳಿಯಿತು. ಮರಗೆಲಸದವರು ಪ್ಲಾನ್ ಯಾಕೆ ನೋಡ್ತಾರೆ? ಅವರಿಗೆ ಬೇಕಾದದ್ದು ಪಟ್ಟಿ. ಹೊಸ ರಿವಿಷನ್ ಅಂತ ಬೇರೆ ಬರೆದಿದೆ. ನಾಲ್ಕು ಚೌಕಟ್ಟು 800ಕ್ಕೇ ತಯಾರಾಗಿ ಬಂದವು.

ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಈ ಕಥೆ ಕೇಳಿ, "ಆ ಪಟ್ಟಿ ಎಲ್ಲಿಂದ ಬರುತ್ತೆ?" ಅಂದೆ.

"ಎಲ್ಲಿಂದ ಬರುತ್ತೆ? ಎಣಿಸಿ ಟೈಪ್ ಮಾಡ್ತೀನಿ."

ನಾನು ಸಾಫ್ಟ್‌ವೇರ್‌ನವನು. ಒಂದೇ ವಿಷಯವನ್ನು ಎರಡು ಕಡೆ ಕೈಯಲ್ಲಿ ಬರೆದರೆ ಒಂದು ದಿನ ಅವೆರಡೂ ಬೇರೆಬೇರೆ ಹೇಳುತ್ತವೆ ಅನ್ನುವುದು ನಮ್ಮ ಆಫೀಸಿನಲ್ಲಿ ದಿನಾ ಕಾಣುವ ಸಂಗತಿ. ಇಂಜಿನಿಯರಿಂಗ್‌ನಲ್ಲಿ ಒಂದು ಸೆಮಿಸ್ಟರ್ ಅಟೋಕ್ಯಾಡ್ ಕಲಿತದ್ದು ಅಷ್ಟಿಷ್ಟು ನೆನಪಿತ್ತು. ಹಬ್ಬದ ಮಾರನೇ ದಿನ ಇಬ್ಬರೂ ಕೂತೆವು. ಅವಳ ಕೈಯಲ್ಲಿ ಆಗ ಒಂದು ಸಣ್ಣ ಅಪಾರ್ಟ್‌ಮೆಂಟ್ ಇತ್ತು: ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡು ಮನೆ.

ಮೊದಲು ಟೈಟಲ್ ಬ್ಲಾಕ್, ಅಂದರೆ ಶೀಟಿನ ಮೂಲೆಯ ಚೌಕ. ಪ್ರಾಜೆಕ್ಟ್ ಹೆಸರು, ಶೀಟ್ ನಂಬರ್, ರಿವಿಷನ್, ದಿನಾಂಕ ಎಲ್ಲ ಅಕ್ಕನ ಫೈಲಿನಲ್ಲಿ ಬರೀ ಟೆಕ್ಸ್ಟ್. ಅಟೋಕ್ಯಾಡ್‌ನ ಕಣ್ಣಿಗೆ ಅದು ಗೆರೆ ಇದ್ದ ಹಾಗೆ ಒಂದು ಗುರುತು ಅಷ್ಟೇ. "R2" ಅನ್ನುವುದು ರಿವಿಷನ್ ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತು ಮಾಡಿಸುವುದಕ್ಕೆ ಇರುವುದು ಅಟ್ರಿಬ್ಯೂಟ್. `ATTDEF` ಅಂತ ಟೈಪ್ ಮಾಡಿದರೆ ಬರುವ ಕಿಟಕಿಯಲ್ಲಿ ಮೂರು ಖಾನೆ ಮುಖ್ಯ. Tag ಅನ್ನುವುದು ಆ ಜಾಗದ ಹೆಸರು, ಅದರಲ್ಲಿ ಖಾಲಿ ಜಾಗ ಬಿಡುವ ಹಾಗಿಲ್ಲ, ಹಾಗಾಗಿ `SHEET_NO`. Prompt ಅನ್ನುವುದು ಬ್ಲಾಕನ್ನು ಇಡುವಾಗ ನಮ್ಮನ್ನು ಕೇಳುವ ಪ್ರಶ್ನೆ. Default ಅನ್ನುವುದು ನಾವು ಏನೂ ಹೇಳದಿದ್ದರೆ ಕೂರುವ ಬೆಲೆ. ಈ Tag ಮುಂದೆ ಎಕ್ಸೆಲ್‌ನಲ್ಲಿ ಕಾಲಮ್ಮಿನ ತಲೆಬರಹವಾಗಿ ಬರುತ್ತದೆ, ಅದಕ್ಕೇ ಹೆಸರಿಡುವಾಗಲೇ ಸ್ವಲ್ಪ ಯೋಚಿಸಬೇಕು. ಎಲ್ಲ ಇಟ್ಟಾದ ಮೇಲೆ ಗೆರೆಗಳನ್ನೂ ಅಟ್ರಿಬ್ಯೂಟ್‌ಗಳನ್ನೂ ಸೇರಿಸಿ `BLOCK` ಮಾಡಬೇಕು. ಅಟ್ರಿಬ್ಯೂಟ್‌ಗಳನ್ನು ಕೇಳಬೇಕಾದ ಕ್ರಮದಲ್ಲಿ ಒಂದೊಂದಾಗಿ ಕ್ಲಿಕ್ ಮಾಡಿ. ನಾನು ಒಟ್ಟಿಗೆ ಬಳಸಿ ಆರಿಸಿದ್ದಕ್ಕೆ ಅದು ಮೊದಲು ದಿನಾಂಕ ಕೇಳಿ, ಕೊನೆಗೆ ಪ್ರಾಜೆಕ್ಟ್ ಹೆಸರು ಕೇಳಿತು. `BATTMAN` ಕಮಾಂಡಿನಲ್ಲಿ ಹಿಂದೆಮುಂದೆ ಮಾಡಿಕೊಳ್ಳಬಹುದು, ಹೆದರಬೇಕಿಲ್ಲ.

ಪ್ರಾಜೆಕ್ಟ್ ಹೆಸರು ಒಂಬತ್ತು ಶೀಟಿಗೂ ಒಂದೇ. ಅದನ್ನು `DWGPROPS` ಕಿಟಕಿಯ Title ಖಾನೆಯಲ್ಲಿ ಒಂದು ಸಲ ಬರೆದು, ಅಟ್ರಿಬ್ಯೂಟಿನ ಬೆಲೆಯ ಜಾಗದಲ್ಲಿ ಅದಕ್ಕೆ ಒಂದು ಫೀಲ್ಡ್ ಕೊಟ್ಟೆವು. ಒಂದು ಕಡೆ ತಿದ್ದಿದರೆ ಎಲ್ಲ ಶೀಟಿನಲ್ಲೂ ಬದಲಾಗುತ್ತದೆ. ಉತ್ಸಾಹ ಬಂದು ರಿವಿಷನ್ನಿಗೂ ಹೀಗೇ ಮಾಡೋಣ ಅಂದೆ. ಅಕ್ಕ ನಕ್ಕಳು.

"ಎಲ್ಲ ಶೀಟೂ ಒಟ್ಟಿಗೆ ರಿವಿಷನ್ ಆಗಲ್ಲ ಕಣೋ. ಬಾಗಿಲು ಬದಲಾದರೆ ಫೌಂಡೇಶನ್ ಶೀಟಿಗೇನು? ಹೋದ ಸಲ ನಾನು ಮಾಡಿದ ತಪ್ಪೇ ಅದು, ಒಳಗೆ ತಿದ್ದದೇ ಎಲ್ಲದರ ಮೇಲೂ R2 ಅಂತ ಬರೆದೆ."

ಸರಿಯಾದ ಮಾತು. ರಿವಿಷನ್ ಶೀಟಿಗೊಂದು ಬೇರೆಯಾಗಿಯೇ ಉಳಿಯಿತು, ಕೈಯಲ್ಲೇ ತುಂಬಬೇಕು. ದಿನಾಂಕಕ್ಕೂ ತಾನಾಗಿ ಬದಲಾಗುವ ಫೀಲ್ಡ್ ಬೇಡ ಅಂತ ಬಿಟ್ಟೆವು. ಇಲ್ಲದಿದ್ದರೆ ಎರಡು ವರ್ಷದ ಹಿಂದಿನ ಡ್ರಾಯಿಂಗ್ ತೆಗೆದು ಪ್ರಿಂಟ್ ಕೊಟ್ಟರೂ ಅದರ ಮೇಲೆ ಇವತ್ತಿನ ತಾರೀಖು ಬರುತ್ತದೆ.

ಬಾಗಿಲಿಗೂ ಅಕ್ಕ ಒಂದು ಬ್ಲಾಕ್ ಮಾಡಿದಳು, `TYPE` ಮತ್ತು `SIZE` ಅಂತ ಎರಡು ಅಟ್ರಿಬ್ಯೂಟ್ ಇಟ್ಟು. ನಾಲ್ಕು ಮಹಡಿಯ ಪ್ಲಾನನ್ನೂ ಅವಳು ಬೇರೆಬೇರೆಯಾಗಿ ಬರೆದಿದ್ದು ನಮಗೆ ಅನುಕೂಲವಾಯಿತು. ಎಷ್ಟೋ ಕಡೆ ಎಲ್ಲ ಮಹಡಿಗೂ ಸೇರಿ ಒಂದೇ ಪ್ಲಾನ್ ಇರುತ್ತದೆ. ಅಲ್ಲಿ ಬಂದ ಎಣಿಕೆ ಒಂದು ಮಹಡಿಯದು ಮಾತ್ರ, ಗುಣಿಸುವುದು ನಮ್ಮ ಕೆಲಸ. ನಾನು ಬೆಂಗಳೂರಿಗೆ ವಾಪಸ್ ಬಂದೆ. ಹಳೇ ಬಾಗಿಲನ್ನೆಲ್ಲ ತೆಗೆದು ಹೊಸ ಬ್ಲಾಕ್ ಇಡುವುದಕ್ಕೆ ಅವಳಿಗೆ ಎರಡು ವಾರ ಹಿಡಿಯಿತು.

ಒಂದು ಭಾನುವಾರ ಫೋನ್ ಮಾಡಿ ಸ್ಕ್ರೀನ್ ಶೇರ್ ಮಾಡಿದಳು. `DATAEXTRACTION` ಟೈಪ್ ಮಾಡಿದಳು. ಅವಳ ಮೊದಲಿನ ಎಲ್‌ಟಿ ಆವೃತ್ತಿಯಲ್ಲಿ ಈ ಕಮಾಂಡ್ ಇರಲಿಲ್ಲ, ಈಗಿನದರಲ್ಲಿ ಇದೆ. ಅದು ಒಂದಾದ ಮೇಲೊಂದು ಪುಟ ತೋರಿಸುತ್ತಾ ಹೋಗುತ್ತದೆ. ಮೊದಲಿಗೆ ನಮ್ಮ ಆಯ್ಕೆಗಳನ್ನೆಲ್ಲ ಒಂದು `.dxe` ಫೈಲಿನಲ್ಲಿ ಉಳಿಸಿಕೊಳ್ಳುತ್ತದೆ, ಮುಂದಿನ ಸಲ ಎಲ್ಲ ಮತ್ತೆ ಆರಿಸಬೇಕಿಲ್ಲ. ಬ್ಲಾಕ್‌ಗಳಲ್ಲಿ ಬಾಗಿಲಿನದೊಂದನ್ನೇ ಆರಿಸಿ, ಗುಣಗಳಲ್ಲಿ ಎರಡು ಅಟ್ರಿಬ್ಯೂಟ್ ಮಾತ್ರ ಉಳಿಸಿ, ಒಂದೇ ಥರದ ಸಾಲುಗಳನ್ನು ಕೂಡಿಸಿ ಎಣಿಕೆ ತೋರಿಸು ಅಂದೆವು. ಎಕ್ಸೆಲ್‌ನಲ್ಲಿ ಇದು ಬಂತು:

```
Count  TYPE  SIZE
8      D1    1050x2100
17     D2    900x2100
13     D3    750x2100
2      D3    750 x 2100
```

"ಮನೆಗೆ ಐದು ಬಾಗಿಲು, ಎಂಟು ಮನೆ, ನಲವತ್ತು. ಇಲ್ಲೂ ಕೂಡಿದರೆ ನಲವತ್ತು. ಆಯ್ತಲ್ಲ!" ಅಂದಳು ಅಕ್ಕ. ಮರಗೆಲಸದವರಿಗೆ ವಾಟ್ಸಾಪ್ ಕಳಿಸೋಕೆ ಆಗಲೇ ಇನ್ನೊಂದು ಕೈ ಫೋನಿಗೆ ಹೋಗಿತ್ತು.

ನನಗೂ ಮೊದಲು ಕಂಡದ್ದು ಕೊನೆಯ ಸಾಲಿನ ಖಾಲಿ ಜಾಗ ಮಾತ್ರ. ಯಾರೋ ಎರಡು ಬಾಗಿಲಿಗೆ x ಅಕ್ಷರದ ಎರಡೂ ಕಡೆ ಸ್ಪೇಸ್ ಕೊಟ್ಟಿದ್ದಾರೆ, ಕಂಪ್ಯೂಟರಿಗೆ ಅದು ಬೇರೆಯೇ ಅಳತೆ. ಎರಡನ್ನೂ ಡಬಲ್ ಕ್ಲಿಕ್ ಮಾಡಿ ಸರಿ ಮಾಡಿದರಾಯಿತು. ಆಮೇಲೆ ವಿಧಕ್ಕೊಂದರಂತೆ ನೋಡಿದೆ. ಮನೆಗೆ ಮುಂಬಾಗಿಲು ಒಂದು, ಮಲಗುವ ಕೋಣೆಗೆ ಎರಡು, ಬಚ್ಚಲಿಗೆ ಎರಡು. ಎಂಟು ಮನೆಗೆ 8, 16, 16 ಇರಬೇಕು. ನಮ್ಮ ಪಟ್ಟಿಯಲ್ಲಿ 8, 17, 15. ಒಂದು ಜಾಸ್ತಿ, ಒಂದು ಕಡಿಮೆ, ಒಟ್ಟು ಮಾತ್ರ ಚೆನ್ನಾಗಿ ನಲವತ್ತು! ಇದನ್ನೇ ಕಳಿಸಿದ್ದರೆ ಬಚ್ಚಲಿನ ಒಂದು ಚೌಕಟ್ಟು ಬರುತ್ತಿರಲಿಲ್ಲ, ಅದರ ಬದಲು ಯಾರಿಗೂ ಬೇಡದ 900ರದ್ದೊಂದು ಬಂದು ಕೂರುತ್ತಿತ್ತು.

ಜಾಸ್ತಿಯಾದದ್ದು ಬೇಗ ಸಿಕ್ಕಿತು. ಮತ್ತೆ ಅದೇ ಕಮಾಂಡ್ ಓಡಿಸಿ, ಈ ಸಲ ಸಾಲುಗಳನ್ನು ಕೂಡಿಸದೆ, ಪ್ರತಿ ಬಾಗಿಲಿನ `Position X` ಕೂಡ ಬರಲಿ ಅಂದೆವು. ಎಕ್ಸೆಲ್‌ನಲ್ಲಿ ಆ ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಒಂದು D2 ಮಾತ್ರ ಕಟ್ಟಡದಿಂದ ಬಹಳ ದೂರ ಇತ್ತು. ಕಾಪಿ ಮಾಡುವುದಕ್ಕೆ ಅನುಕೂಲ ಅಂತ ಅಕ್ಕ ಪ್ಲಾನಿನ ಪಕ್ಕದಲ್ಲಿ ಒಂದು ಬಾಗಿಲನ್ನು ಇಟ್ಟುಕೊಂಡಿದ್ದಳು. ಪ್ರಿಂಟಿನಲ್ಲಿ ಅದು ಬರುವುದಿಲ್ಲ, ಎಣಿಕೆಯಲ್ಲಿ ಬರುತ್ತದೆ.

ಕಡಿಮೆಯಾದದ್ದೇ ಕಾಡಿಸಿತು. ಪಟ್ಟಿಯಲ್ಲೇ ಇಲ್ಲದ್ದನ್ನು ಪಟ್ಟಿಯಲ್ಲಿ ಹುಡುಕುವುದು ಹೇಗೆ? ಪ್ಲಾನಿನಲ್ಲಿ ಕಣ್ಣಿಗೆ ಹದಿನಾರು ಬಚ್ಚಲಿನ ಬಾಗಿಲೂ ಇದ್ದವು. ಸುಮಾರು ಹೊತ್ತು ಆದ ಮೇಲೆ ಅಕ್ಕನಿಗೇ ನೆನಪಾಯಿತು. ಮೂರನೇ ಮಹಡಿಯ ಒಂದು ಬಚ್ಚಲಿನಲ್ಲಿ ಬಾಗಿಲು ತೆಗೆದರೆ ವಾಶ್‌ಬೇಸಿನ್‌ಗೆ ತಗಲುತ್ತಿತ್ತು. ಅದನ್ನು ಇನ್ನೊಂದು ಕಡೆಗೆ ತಿರುಗಿಸುವುದಕ್ಕೆ ಅವಳು `EXPLODE` ಕೊಟ್ಟು ಗೆರೆ ತಿದ್ದಿದ್ದಳು. ಹಾಗೆ ಒಡೆದ ತಕ್ಷಣ ಅದು ಬ್ಲಾಕ್ ಆಗಿ ಉಳಿಯುವುದಿಲ್ಲ, ತುಂಬಿದ ಬೆಲೆಗಳೂ ಹೋಗುತ್ತವೆ. D3 ಇದ್ದ ಜಾಗದಲ್ಲಿ TYPE ಅನ್ನುವ Tag ಹೆಸರೇ ಮತ್ತೆ ಕಾಣಿಸಿಕೊಳ್ಳುತ್ತದೆ. ಝೂಮ್ ಮಾಡಿದರೆ ಅಲ್ಲೇ ಇತ್ತು, ಪುಟ್ಟ ಅಕ್ಷರದಲ್ಲಿ. ನೆನಪು ಬಾರದಿದ್ದರೂ ದಾರಿ ಇದೆ: `QSELECT` ತೆರೆದು Object type ಖಾನೆಯಲ್ಲಿ Attribute Definition ಆರಿಸಿದರೆ ಹೀಗೆ ಒಡೆದು ಅನಾಥವಾದವೆಲ್ಲ ಒಟ್ಟಿಗೆ ಹೈಲೈಟ್ ಆಗುತ್ತವೆ. ಬಾಗಿಲು ತಿರುಗಿಸುವುದಕ್ಕೆ `MIRROR` ಸಾಕಿತ್ತು.

ಸರಿ ಮಾಡಿ ಮತ್ತೆ ತೆಗೆದಾಗ 8, 16, 16.

ಟೈಟಲ್ ಬ್ಲಾಕ್‌ಗಳನ್ನೂ ಹೀಗೇ ಎಕ್ಸೆಲ್‌ಗೆ ತೆಗೆಯೋಣ ಅಂದರೆ ಮೊದಲ ಸಲ ಬ್ಲಾಕಿನ ಹೆಸರೇ ಬರಲಿಲ್ಲ. ಅವು ಇರುವುದು ಲೇಔಟ್‌ನಲ್ಲಿ. ನಾವು ಬಾಗಿಲಿಗೋಸ್ಕರ ಮಾಡೆಲ್ ಸ್ಪೇಸ್ ಮಾತ್ರ ನೋಡು ಅಂತ ಹೇಳಿಟ್ಟಿದ್ದೆವು. ಸೆಟ್ಟಿಂಗ್ಸ್‌ನಲ್ಲಿ ಡ್ರಾಯಿಂಗ್‌ನಲ್ಲಿರುವ ಎಲ್ಲವನ್ನೂ ನೋಡು ಅಂದ ಮೇಲೆ ಒಂಬತ್ತು ಸಾಲು ಬಂತು: ಶೀಟ್ ನಂಬರ್, ಹೆಸರು, ರಿವಿಷನ್, ದಿನಾಂಕ. ಯಾವ ಶೀಟ್ ಎಲ್ಲಿ ನಿಂತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅಂದ ಹಾಗೆ, ಶೀಟ್ ನಂಬರನ್ನು 3/9 ಅಂತ ಬರೆಯಬೇಡಿ. CSV ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಅದು ತಾರೀಖಾಗಿಬಿಡುತ್ತದೆ. ನಾವು `A-03` ಅಂತ ಬದಲಾಯಿಸಿದೆವು.

ಒಂದು ವಿಷಯ ಅಕ್ಕನಿಗೆ ಒಪ್ಪಿಸುವುದು ಕಷ್ಟವಾಯಿತು. ಈ ದಾರಿ ಒಂದೇ ಕಡೆಗೆ ಹೋಗುತ್ತದೆ. ಎಕ್ಸೆಲ್‌ನಲ್ಲಿ 900 ಇದ್ದದ್ದನ್ನು 1000 ಮಾಡಿದರೆ ಡ್ರಾಯಿಂಗಿಗೆ ಗೊತ್ತಾಗುವುದಿಲ್ಲ, ಡ್ರಾಯಿಂಗ್ ತಿದ್ದಿದರೆ ಆಗಲೇ ತೆಗೆದಿಟ್ಟ ಎಕ್ಸೆಲ್ ಫೈಲಿಗೂ ಗೊತ್ತಾಗುವುದಿಲ್ಲ. ಹಾಗೆ ಆದರೆ ಹೋದ ವರ್ಷದ ಪಟ್ಟಿಯ ಕಥೆಯೇ ಮತ್ತೆ. ತಿದ್ದುವುದು ಡ್ರಾಯಿಂಗಿನಲ್ಲಿ, ಆಮೇಲೆ ಉಳಿಸಿಟ್ಟ `.dxe` ತೆರೆದು ಪಟ್ಟಿಯನ್ನು ಹೊಸದಾಗಿ ತೆಗೆಯುವುದು. ಎಕ್ಸೆಲ್‌ನಲ್ಲೇ ತಿದ್ದಿ ವಾಪಸ್ ಹಾಕಬೇಕು ಅಂದರೆ ಎಕ್ಸ್‌ಪ್ರೆಸ್ ಟೂಲ್ಸ್‌ನ `ATTOUT`, `ATTIN` ಜೋಡಿ ಇದೆ. ಅದು ಪ್ರತಿ ಬ್ಲಾಕಿನ ಹ್ಯಾಂಡಲ್ ಅನ್ನುವ ಗುರುತಿನ ಸಂಖ್ಯೆಯನ್ನೂ ಜೊತೆಗೆ ಬರೆಯುತ್ತದೆ. ಆ ಕಾಲಮ್ಮನ್ನು ಮುಟ್ಟಿದರೆ ಯಾವ ಬೆಲೆ ಯಾವ ಬಾಗಿಲಿಗೆ ಅಂತ ತಿಳಿಯದೇ ಹೋಗುತ್ತದೆ. ಅಕ್ಕನಿಗೆ ಸದ್ಯಕ್ಕೆ ಬೇಡ ಅಂದೆ.

ಈಗ ಅವಳ ಹೊಸ ಬಾಗಿಲ ಬ್ಲಾಕಿನಲ್ಲಿ `SIZE` ಇಲ್ಲ, `W` ಮತ್ತು `H` ಬೇರೆಬೇರೆ ಇವೆ, ನಡುವಿನ x ತಾಪತ್ರಯವೇ ಇಲ್ಲ. ಪಟ್ಟಿ ಕಳಿಸುವ ಮೊದಲು ಮನೆಗೆಷ್ಟು ಅಂತ ಕೈಯಲ್ಲಿ ಎಣಿಸಿ ಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತಾಳೆ. ಅಪಾರ್ಟ್‌ಮೆಂಟಿನ ಚೌಕಟ್ಟುಗಳು ಹೋದ ತಿಂಗಳು ಬಂದವು. ಇಳಿಸುವಾಗ ಟೇಪ್ ಹಿಡಿದುಕೊಂಡು ನಲವತ್ತನ್ನೂ ಅಳೆದಳಂತೆ.